ನನ್ನ ಬೀಜ ಸುಟ್ಟಿಲ್ಲ, ಆದರೂ 36 ಲಕ್ಷ ಕಟ್ಟಬೇಕಂತೆ: ಇನ್ಶೂರೆನ್ಸ್ ಸರ್ಟಿಫಿಕೇಟ್ ಓದಿ ಹೇಳುವವರು ಬೇಕು

ಬೈಕಂಪಾಡಿ ಬೀಜ · ಮೇ 27, ರಾತ್ರಿ

ಎಲ್ಲರಿಗೂ ನಮಸ್ಕಾರ. ಬೈಕಂಪಾಡಿಯಲ್ಲಿ ನಮ್ಮದೊಂದು ಸಣ್ಣ ಗೇರುಬೀಜದ ಕಾರ್ಖಾನೆ ಇದೆ. ಇಷ್ಟು ವರ್ಷ ಇಲ್ಲಿನ ದೊಡ್ಡ ಆಮದುದಾರರಿಂದಲೇ ಕಚ್ಚಾ ಬೀಜ ತೆಗೆದುಕೊಳ್ಳುತ್ತಿದ್ದೆವು. ಈ ಸಲ ಮೊದಲ ಬಾರಿಗೆ ನಾನೇ ಐವರಿ ಕೋಸ್ಟ್‌ನಿಂದ ತರಿಸಿದೆ. 40 ಅಡಿಯ ನಾಲ್ಕು ಕಂಟೇನರ್, ಒಟ್ಟು 100 ಟನ್. ಸಿಐಎಫ್ ಮಂಗಳೂರು ಲೆಕ್ಕದಲ್ಲಿ ಬಿಲ್ಲು 1 ಕೋಟಿ 20 ಲಕ್ಷ ರೂಪಾಯಿ. ಹಡಗಿನ ಬಾಡಿಗೆ, ಇನ್ಶೂರೆನ್ಸ್ ಎರಡೂ ಮಾರಿದವರದ್ದೇ. ಕಾಗದಪತ್ರ ಬ್ಯಾಂಕಿಗೆ ಬಂತು, ದುಡ್ಡು ಕಟ್ಟಿ ಬಿಡಿಸಿಕೊಂಡೆ.

ಹಡಗು ಮಾರ್ಚ್‌ನಲ್ಲಿ ಅಬಿಜಾನ್‌ನಿಂದ ಹೊರಟಿತ್ತು. ಆಫ್ರಿಕಾದ ತುದಿ ದಾಟಿದ ಮೇಲೆ ಹಡಗಿನೊಳಗೆ ಸರಕು ಇಡುವ ಒಂದು ಹೋಲ್ಡ್‌ನಲ್ಲಿ ಬೆಂಕಿ ಬಿತ್ತು. ಟಗ್ ಬಂದು ಡರ್ಬನ್‌ಗೆ ಎಳೆದುಕೊಂಡು ಹೋಯಿತು. ಅಲ್ಲಿ 38 ದಿನ ನಿಂತು, ಈಗ ನಮ್ಮ ಕಂಟೇನರ್‌ಗಳು ಕೊಲಂಬೊ ಮೂಲಕ ಪಣಂಬೂರಿಗೆ ಬರುತ್ತಿವೆ.

ನಿನ್ನೆ ಹಡಗಿನ ಏಜೆಂಟ್ ಮೇಲ್ ಕಳಿಸಿದ್ದಾರೆ. ‘ಜನರಲ್ ಆವರೇಜ್’ ಘೋಷಣೆ ಆಗಿದೆ, ಬಾಂಡ್‌ಗೆ ಸಹಿ ಹಾಕಿ, ಜೊತೆಗೆ ಇನ್ಶೂರೆನ್ಸ್ ಕಂಪನಿಯ ಗ್ಯಾರಂಟಿ ಕೊಡಿ, ಇಲ್ಲದಿದ್ದರೆ ಸರಕಿನ ಬೆಲೆಯ ಶೇ 30 ಠೇವಣಿ ಇಡಿ, ಅಲ್ಲಿಯವರೆಗೆ ಡೆಲಿವರಿ ಆರ್ಡರ್ ಕೊಡುವುದಿಲ್ಲ ಅಂತ. ಶೇ 30 ಅಂದರೆ 36 ಲಕ್ಷ. ಅದೇ ಮೇಲ್‌ನಲ್ಲಿ ‘ನಿಮ್ಮ ಕಂಟೇನರ್‌ಗಳು ಬೆಂಕಿಗೆ ಸಿಕ್ಕಿಲ್ಲ’ ಅಂತಲೂ ಬರೆದಿದ್ದಾರೆ. ನನ್ನದು ಸುಟ್ಟಿಲ್ಲ ಅಂದಮೇಲೆ ನಾನು ಯಾಕೆ ಕಟ್ಟಬೇಕು?

ಇನ್ನೊಂದು ವಿಷಯ. ಮಾರಿದವರು ವಾಟ್ಸಾಪ್‌ನಲ್ಲಿ ‘ಆಲ್ ರಿಸ್ಕ್ಸ್ ಇನ್ಶೂರೆನ್ಸ್ ಇದೆ, ಚಿಂತೆ ಬೇಡ’ ಅಂದಿದ್ದರು. ಈಗ ಸರ್ಟಿಫಿಕೇಟ್ ತೆಗೆದು ನೋಡಿದರೆ ಆ ಪದ ಎಲ್ಲೂ ಇಲ್ಲ. ಷರತ್ತಿನ ಜಾಗದಲ್ಲಿ ‘ಇನ್‌ಸ್ಟಿಟ್ಯೂಟ್ ಕಾರ್ಗೋ ಕ್ಲಾಸಸ್ (ಸಿ) 1/1/09’ ಅಂತ ಒಂದೇ ಸಾಲು. ವಿಮೆಯ ಮೊತ್ತ 1 ಕೋಟಿ 32 ಲಕ್ಷಕ್ಕೆ ಸಮ. ಇದರಲ್ಲಿ ನನಗೆ ಏನಾದರೂ ಸಿಗುತ್ತದಾ?

ರಥಬೀದಿ ಬಟ್ಟೆ ಅಂಗಡಿ · ಮೇ 27, ರಾತ್ರಿ

ಆವರೇಜ್ ವಿಷಯ ನನಗೆ ಅನುಭವ ಆಗಿದೆ. ನಮ್ಮ ಅಂಗಡಿಗೆ ಮಳೆನೀರು ನುಗ್ಗಿದಾಗ 6 ಲಕ್ಷದ ಮಾಲು ಹಾಳಾಯಿತು. ಅಂಗಡಿಯಲ್ಲಿ 40 ಲಕ್ಷದ ಮಾಲಿತ್ತು, ಪಾಲಿಸಿ ಮಾಡಿಸಿದ್ದು 20 ಲಕ್ಷಕ್ಕೆ. ‘ಆವರೇಜ್ ಹಾಕುತ್ತೇವೆ’ ಅಂತ ಹೇಳಿ 3 ಲಕ್ಷ ಮಾತ್ರ ಕೊಟ್ಟರು. ನಿಮ್ಮದೂ ಕಡಿಮೆ ಬೆಲೆಗೆ ಇನ್ಶೂರ್ ಆಗಿರಬೇಕು, ಅದಕ್ಕೇ ಬಾಕಿ ಕೇಳುತ್ತಿದ್ದಾರೆ. ಬಿಲ್ಲು ಸರಿಯಾಗಿ ನೋಡಿ.

ಕಾರ್ಕಳ ಫ್ಯಾಕ್ಟರಿ ಅಕ್ಕ · ಮೇ 27, ರಾತ್ರಿ

ತಮ್ಮಾ, ಸಿ ಅಂತ ಇದ್ದರೆ ಕಷ್ಟ. ಎ, ಬಿ, ಸಿ ಅಂತ ಮೂರು ಇದೆ. ಆಲ್ ರಿಸ್ಕ್ಸ್ ಅಂದರೆ ಎ. ಸಿ ತೀರಾ ಕೆಳಗಿನದು. ಜನರಲ್ ಆವರೇಜ್ ಎಲ್ಲ ಎ ಇದ್ದವರಿಗೆ ಮಾತ್ರ. ನಾವು ಹತ್ತು ವರ್ಷದಿಂದ ಎ ಬಿಟ್ಟು ಬೇರೆ ತೆಗೆದುಕೊಂಡಿಲ್ಲ. ಬಾಂಡ್‌ಗೆ ಮಾತ್ರ ಇನ್ಶೂರೆನ್ಸ್‌ನವರನ್ನು ಕೇಳದೆ ಸಹಿ ಹಾಕಬೇಡಿ.

ಹಳೇ ಸರ್ವೇಯರ್, ಪಣಂಬೂರು · ಮೇ 28, ಬೆಳಿಗ್ಗೆ

ಬೈಕಂಪಾಡಿಯವರೇ, ಮೊದಲು ಒಳ್ಳೆಯ ಸುದ್ದಿ ಹೇಳುತ್ತೇನೆ. ನಿಮ್ಮ ಸಿ ಸರ್ಟಿಫಿಕೇಟ್‌ನಲ್ಲೂ ಜನರಲ್ ಆವರೇಜ್ ಇದೆ. ಎ, ಬಿ, ಸಿ ಮೂರರಲ್ಲೂ ಎರಡನೇ ಷರತ್ತು ಅದೇ. ಜನರಲ್ ಆವರೇಜ್‌ನಲ್ಲಿ ನಿಮ್ಮ ಪಾಲಿಗೆ ಬರುವ ಹಣ, ಹಡಗು ಉಳಿಸಿಕೊಟ್ಟ ಸಾಲ್ವೇಜ್‌ನವರಿಗೆ ಕೊಡಬೇಕಾದ ಹಣ, ಎರಡನ್ನೂ ಇನ್ಶೂರೆನ್ಸ್ ಕಂಪನಿ ಹೊರುತ್ತದೆ. ಕಾರ್ಕಳದ ಅಕ್ಕ ಸಿ ಬಗ್ಗೆ ಹೇಳಿದ್ದು ಬಹಳಷ್ಟು ಸರಿ, ಆದರೆ ಇದೊಂದು ಹಾಗಲ್ಲ. 36 ಲಕ್ಷ ನೀವು ಕೈಯಿಂದ ಇಡುವ ಅಗತ್ಯ ಬರಬಾರದು. ಕಂಪನಿಯ ಗ್ಯಾರಂಟಿ ಬಂದರೆ ಸಾಕು.

ರಥಬೀದಿಯವರು ಹೇಳಿದ ಆವರೇಜ್ ಬೇರೆ. ಹೆಸರು ಒಂದೇ ಆದದ್ದರಿಂದ ತುಂಬಾ ಜನ ಹೀಗೇ ಅಂದುಕೊಳ್ಳುತ್ತಾರೆ. ಸಮುದ್ರದ ಭಾಷೆಯಲ್ಲಿ ಆವರೇಜ್ ಅಂದರೆ ನಷ್ಟ, ಅಷ್ಟೇ. ಒಬ್ಬರ ಸರಕಿಗೆ ಮಾತ್ರ ಆದರೆ ಪರ್ಟಿಕ್ಯುಲರ್. ಎಲ್ಲರನ್ನೂ ಉಳಿಸಲು ಬೇಕೆಂದೇ ಮಾಡಿಕೊಂಡ ನಷ್ಟ ಆದರೆ ಜನರಲ್.

ಈಗ ‘ನನ್ನದು ಸುಟ್ಟಿಲ್ಲ, ನಾನು ಯಾಕೆ’ ಅನ್ನುವ ಪ್ರಶ್ನೆ. ಹೋಲ್ಡ್‌ನಲ್ಲಿ ಬೆಂಕಿ ಬಿತ್ತು. ಸುಮ್ಮನೆ ಬಿಟ್ಟಿದ್ದರೆ ಹಡಗು, ನಿಮ್ಮ ಬೀಜ, ಪಕ್ಕದ ಕಂಟೇನರ್‌ನ ಸೋಫಾ ಎಲ್ಲವೂ ಹೋಗುತ್ತಿತ್ತು. ಕ್ಯಾಪ್ಟನ್ ನೀರು ಬಿಟ್ಟರು. ಆ ನೀರಿಗೆ ಯಾರದೋ ಸರಕು ನೆನೆಯಿತು. ಟಗ್ ಕರೆಸಿದರು, ಡರ್ಬನ್ ಬಂದರಿಗೆ ಹೋದರು, ಅಲ್ಲಿ ಸರಕು ಇಳಿಸಿ ಮತ್ತೆ ಏರಿಸಿದರು. ಈ ನೀರು, ಟಗ್, ಬಂದರಿನ ಖರ್ಚು ಎಲ್ಲ ಸೇರಿ ಜನರಲ್ ಆವರೇಜ್. ಅದರಿಂದ ಉಳಿದುಕೊಂಡವರೆಲ್ಲ ತಮ್ಮ ತಮ್ಮ ಬೆಲೆಗೆ ತಕ್ಕಂತೆ ಪಾಲು ಕೊಡಬೇಕು. ಹಡಗಿನ ಮಾಲೀಕರೂ ಕೊಡಬೇಕು. ಬೆಂಕಿಯಲ್ಲೇ ಸುಟ್ಟುಹೋದ ಸರಕು ಮಾತ್ರ ಈ ಲೆಕ್ಕಕ್ಕೆ ಬರುವುದಿಲ್ಲ. ಅದು ಯಾರೂ ಬೇಕೆಂದು ಮಾಡಿದ ನಷ್ಟ ಅಲ್ಲ.

ಲೆಕ್ಕ ಸುಲಭ ಮಾಡಿ ಹೇಳುತ್ತೇನೆ. ಇದು ನಿಮ್ಮ ಹಡಗಿನ ಅಂಕಿ ಅಲ್ಲ, ಅರ್ಥವಾಗಲಿ ಅಂತ. ಹಡಗಿನ ಬೆಲೆ 200 ಕೋಟಿ, ಉಳಿದುಕೊಂಡ ಸರಕಿನ ಬೆಲೆ ಎಲ್ಲ ಸೇರಿ 300 ಕೋಟಿ ಅಂದುಕೊಳ್ಳಿ. ಉಳಿಸಲು ಆದ ಖರ್ಚು ಮತ್ತು ತ್ಯಾಗ 50 ಕೋಟಿ. ಅಂದರೆ ನೂರಕ್ಕೆ ಹತ್ತು. ನಿಮ್ಮ 1 ಕೋಟಿ 20 ಲಕ್ಷಕ್ಕೆ 12 ಲಕ್ಷ ಬೀಳುತ್ತದೆ. ಏಜೆಂಟ್ ಕೇಳುತ್ತಿರುವ ಶೇ 30 ನಿಮ್ಮ ಅಂತಿಮ ಪಾಲು ಅಲ್ಲ, ಭದ್ರತೆ. ಅಂತಿಮ ಲೆಕ್ಕವನ್ನು ಆವರೇಜ್ ಅಡ್ಜಸ್ಟರ್ ಅಂತ ಒಬ್ಬರು ಕೂತು ಮಾಡುತ್ತಾರೆ, ಅದಕ್ಕೆ ವರ್ಷಗಳೇ ಹಿಡಿಯಬಹುದು. ಭದ್ರತೆ ಕೊಡುವವರೆಗೆ ಹಡಗಿನವರಿಗೆ ಸರಕಿನ ಮೇಲೆ ಹಿಡಿತ ಇರುತ್ತದೆ, ಅದಕ್ಕೇ ಡೆಲಿವರಿ ಆರ್ಡರ್ ತಡೆದಿದ್ದಾರೆ. 2018ರಲ್ಲಿ ನಮ್ಮ ಅರಬ್ಬಿ ಸಮುದ್ರದಲ್ಲೇ ಮರ್ಸ್ಕ್ ಹೋನಮ್ ಹಡಗಿಗೆ ಬೆಂಕಿ ಬಿದ್ದಾಗ ಸಾಲ್ವೇಜ್‌ಗೆ ಶೇ 42.5, ಜನರಲ್ ಆವರೇಜ್‌ಗೆ ಶೇ 11.5, ಒಟ್ಟು ಶೇ 54 ಭದ್ರತೆ ಕೇಳಿದ್ದರು. ಇನ್ಶೂರೆನ್ಸ್ ಇಲ್ಲದವನು ಅರ್ಧಕ್ಕಿಂತ ಜಾಸ್ತಿ ದುಡ್ಡು ಇಟ್ಟು ತನ್ನದೇ ಸರಕು ಬಿಡಿಸಿಕೊಳ್ಳಬೇಕಾದ ಸ್ಥಿತಿ.

ಈಗ ನೀವು ಮಾಡಬೇಕಾದ್ದು: ಸರ್ಟಿಫಿಕೇಟ್‌ನಲ್ಲಿ ಕ್ಲೈಮ್ ಏಜೆಂಟ್ ಅಂತ ಭಾರತದ ಒಂದು ವಿಳಾಸ ಇರುತ್ತದೆ. ಏಜೆಂಟ್‌ನ ಮೇಲ್, ಬಾಂಡ್ ಫಾರಂ, ಇನ್ವಾಯ್ಸ್, ಬಿಲ್ ಆಫ್ ಲೇಡಿಂಗ್, ಸರ್ಟಿಫಿಕೇಟ್‌ನ ಎರಡೂ ಬದಿ ಸ್ಕ್ಯಾನ್ ಮಾಡಿ ಇವತ್ತೇ ಅವರಿಗೆ ಕಳಿಸಿ. ಬಾಂಡ್‌ಗೆ ಸಹಿ ನೀವೇ ಹಾಕಬೇಕು, ಗ್ಯಾರಂಟಿ ಅವರು ಕೊಡಬೇಕು. ಎರಡೂ ಬೇಕು.

ರಥಬೀದಿ ಬಟ್ಟೆ ಅಂಗಡಿ · ಮೇ 28

ಓಹ್, ಇದು ಬೇರೆಯೇ. ತಪ್ಪು ದಾರಿ ತೋರಿಸಿದ್ದಕ್ಕೆ ಕ್ಷಮಿಸಿ. ಹಾಗಾದರೆ ಸಮುದ್ರದಲ್ಲಿ ಕಡಿಮೆ ಬೆಲೆಗೆ ಇನ್ಶೂರ್ ಮಾಡಿದರೆ ತೊಂದರೆ ಇಲ್ಲವಾ?

ಹಳೇ ಸರ್ವೇಯರ್, ಪಣಂಬೂರು · ಮೇ 28

ಇದೆ. 1 ಕೋಟಿ 20 ಲಕ್ಷದ ಸರಕನ್ನು ಯಾರಾದರೂ ಪ್ರೀಮಿಯಂ ಉಳಿಸಲು 80 ಲಕ್ಷಕ್ಕೆ ಮಾಡಿಸಿದ್ದರೆ, ಆ 12 ಲಕ್ಷದ ಪಾಲಿನಲ್ಲಿ ಕಂಪನಿ 8 ಲಕ್ಷ ಮಾತ್ರ ಕೊಡುತ್ತದೆ. ಉಳಿದ 4 ಲಕ್ಷ ಅವರ ಕೈಯಿಂದ. ಅಷ್ಟರ ಮಟ್ಟಿಗೆ ನಿಮ್ಮ ಮಾತು ಸಮುದ್ರಕ್ಕೂ ಹೊಂದುತ್ತದೆ. ಬೈಕಂಪಾಡಿಯವರದ್ದು ಬಿಲ್ಲಿನ ಮೇಲೆ ಶೇ 10 ಸೇರಿಸಿ 1 ಕೋಟಿ 32 ಲಕ್ಷಕ್ಕೆ ಇದೆ. ಹಾಗಾಗಿ ಅವರಿಗೆ ಆ ತೊಂದರೆ ಇಲ್ಲ.

ಮಲ್ಪೆ ದೋಣಿಯವ · ಮೇ 28, ಸಂಜೆ

ಸರ್, ನಮ್ಮದೊಂದು ಕೇಳುತ್ತೇನೆ. ನಮ್ಮ ಟ್ರಾಲರ್ ಬೋಟ್ ಗಾಳಿಗೆ ಸಿಕ್ಕಿ ನೀರು ತುಂಬಲು ಶುರುವಾದಾಗ ಎರಡು ಬಲೆ, ಮೀನಿನ ಪೆಟ್ಟಿಗೆ, ಐಸ್ ಎಲ್ಲ ಸಮುದ್ರಕ್ಕೆ ಎಸೆದೆವು. ಬೋಟ್ ಉಳಿಯಿತು, ಏಳು ಜನ ಉಳಿದೆವು. ಅದೂ ಬೇಕೆಂದೇ ಮಾಡಿದ ನಷ್ಟ ಅಲ್ವಾ? ನಮಗೆ ಯಾರೂ ಪಾಲು ಕೊಡಲಿಲ್ಲ.

ಹಳೇ ಸರ್ವೇಯರ್, ಪಣಂಬೂರು · ಮೇ 28, ರಾತ್ರಿ

ನೀವು ಮಾಡಿದ್ದು ಸರಿಯಾಗಿ ಅದೇ ಕೆಲಸ. ಜೀವ ಉಳಿಯಿತಲ್ಲ, ದೊಡ್ಡದು. ಆದರೆ ಬೋಟ್ ನಿಮ್ಮದೇ, ಬಲೆ ನಿಮ್ಮದೇ, ಮೀನೂ ನಿಮ್ಮದೇ. ಪಾಲು ಕೇಳಲು ಆ ಬೋಟ್‌ನಲ್ಲಿ ಇನ್ನೊಬ್ಬರ ಸ್ವತ್ತು ಇರಲಿಲ್ಲ. ಬೋಟ್‌ನ ಪಾಲಿಸಿಯಲ್ಲಿ ಬಲೆ ಸೇರಿದೆಯಾ ಅಂತ ಬೇರೆಯಾಗಿ ನೋಡಬೇಕು. ಪಾಲಿಸಿಯ ಪ್ರತಿ ಇದ್ದರೆ ಬೇರೆ ಚರ್ಚೆ ತೆರೆಯಿರಿ, ನೋಡಿ ಹೇಳುತ್ತೇನೆ.

ಬೈಕಂಪಾಡಿ ಬೀಜ · ಮೇ 29

ಸರ್, ತುಂಬಾ ಧೈರ್ಯ ಬಂತು. ಕ್ಲೈಮ್ ಏಜೆಂಟ್ ಮುಂಬೈಯಲ್ಲಿ ಇದ್ದಾರೆ, ಮೇಲ್ ಮಾಡಿದೆ. ಅವರು ಕೇಳಿದ ಮೊದಲ ಪ್ರಶ್ನೆ: ‘ಸರ್ಟಿಫಿಕೇಟ್‌ನ ಹಿಂಬದಿ ಯಾಕೆ ಖಾಲಿ ಇದೆ?’ ಸ್ಕ್ಯಾನ್ ಮಾಡುವಾಗ ನಾನೂ ನೋಡಿದ್ದೆ, ಖಾಲಿ ಇದ್ದರೆ ಏನಾಯಿತು ಅಂದುಕೊಂಡಿದ್ದೆ. ಮುಂದಿನ ಬದಿಯಲ್ಲಿ ವಿಮೆ ಮಾಡಿಸಿದವರ ಹೆಸರು ಅಂತ ಮಾರಿದವರ ಹೆಸರೇ ಇದೆ.

ಕದ್ರಿ, ಬ್ಯಾಂಕ್ ನಿವೃತ್ತ · ಮೇ 29

ಇದನ್ನು ನಾನು ಹೇಳಬಹುದು. ಫಾರಿನ್ ಎಕ್ಸ್‌ಚೇಂಜ್ ಡೆಸ್ಕ್‌ನಲ್ಲಿ ಬಹಳ ವರ್ಷ ಇದೇ ಕಾಗದ ನೋಡಿದ್ದೇನೆ. ಸರ್ಟಿಫಿಕೇಟ್ ಮಾರಿದವರ ಹೆಸರಲ್ಲಿದ್ದರೆ, ಅವರು ಹಿಂಬದಿಯಲ್ಲಿ ಸಹಿ ಮಾಡಿ ಸೀಲ್ ಹಾಕಿ ಕಳಿಸಬೇಕು. ಚೆಕ್ ಎಂಡಾರ್ಸ್ ಮಾಡಿದ ಹಾಗೆ. ಆಗ ಹಕ್ಕು ನಿಮಗೆ ಬರುತ್ತದೆ. ಬ್ಯಾಂಕೇ ಹಣದ ಹೊಣೆ ಹೊರುವ ಎಲ್‌ಸಿ ಮೇಲೆ ತರಿಸಿದ್ದರೆ ನಮ್ಮವರು ಅಲ್ಲೇ ಹಿಡಿಯುತ್ತಿದ್ದರು. ನೀವು ದುಡ್ಡು ಕಟ್ಟಿ ಕಾಗದ ಬಿಡಿಸಿಕೊಂಡಿದ್ದೀರಿ. ಅಂಥದ್ದರಲ್ಲಿ ಬ್ಯಾಂಕ್ ಕಾಗದ ದಾಟಿಸುತ್ತದೆ ಅಷ್ಟೇ, ಪರೀಕ್ಷೆ ಮಾಡುವುದಿಲ್ಲ.

ಗಾಬರಿ ಬೇಡ. ನಷ್ಟ ಆದ ಮೇಲೂ ಸಹಿ ಮಾಡಿಸಿಕೊಳ್ಳಬಹುದು. ಸಿಐಎಫ್ ವ್ಯಾಪಾರ ಅಂದಮೇಲೆ ಆ ವಿಮೆ ನಿಮಗೆ ಕೊಡುತ್ತೇನೆ ಅಂತ ಅವರು ಮೊದಲೇ ಒಪ್ಪಿದ್ದಾರೆ. ಮೂಲ ಪ್ರತಿ ಕೊರಿಯರ್ ಮಾಡಿ ಸಹಿ ಹಾಕಿಸಿ ತರಿಸಿ. ಅಷ್ಟರವರೆಗೆ ಸಹಿ ಮಾಡಿದ ಪತ್ರ ಒಂದನ್ನು ಮೇಲ್‌ನಲ್ಲಿ ಕಳಿಸಲು ಹೇಳಿ, ಕ್ಲೈಮ್ ಏಜೆಂಟ್ ಅದನ್ನು ನೋಡಿ ಕೆಲಸ ಶುರು ಮಾಡಬಹುದು.

ಆಲ್ ರಿಸ್ಕ್ಸ್ ಮಾತಿಗೆ ಬಂದರೆ, ನಿಮ್ಮ ಕಾಂಟ್ರಾಕ್ಟ್‌ನಲ್ಲಿ ಬರೀ ‘ಸಿಐಎಫ್, ಇನ್‌ಕೋಟರ್ಮ್ಸ್ 2020’ ಅಂತ ಇದೆಯಾ?

ಬೈಕಂಪಾಡಿ ಬೀಜ · ಮೇ 29

ಹೌದು ಸರ್, ಅಷ್ಟೇ. ವಾಟ್ಸಾಪ್ ಮಾತು ಕಾಂಟ್ರಾಕ್ಟ್‌ನಲ್ಲಿ ಇಲ್ಲ.

ಕದ್ರಿ, ಬ್ಯಾಂಕ್ ನಿವೃತ್ತ · ಮೇ 29

ಹಾಗಾದರೆ ಆ ನಿಯಮದ ಪ್ರಕಾರ ಅವರು ಸಿ ಕೊಟ್ಟರೆ ಸಾಕು. ಸಿಐಎಫ್‌ಗೆ ಕನಿಷ್ಠ ಅಷ್ಟೇ, ಬಿಲ್ಲಿನ ಶೇ 110 ಮೊತ್ತಕ್ಕೆ. ಎ ಬೇಕಾದರೆ ಕೊಳ್ಳುವವರು ಕೇಳಿ ಬರೆಸಿಕೊಳ್ಳಬೇಕು. ವಾಟ್ಸಾಪ್ ಮೆಸೇಜ್ ಇಟ್ಟುಕೊಳ್ಳಿ, ಮಾರಿದವರ ಹತ್ತಿರ ವಾದ ಮಾಡಲು ಬೇಕಾಗುತ್ತದೆ. ಇನ್ಶೂರೆನ್ಸ್ ಕಂಪನಿ ಮಾತ್ರ ಸರ್ಟಿಫಿಕೇಟ್ ಬಿಟ್ಟು ಬೇರೆ ಏನನ್ನೂ ನೋಡುವುದಿಲ್ಲ.

ಬೈಕಂಪಾಡಿ ಬೀಜ · ಜೂನ್ 8

ಗ್ಯಾರಂಟಿ ಬಂತು! ಹನ್ನೊಂದು ದಿನ ಹಿಡಿಯಿತು. ಅಡ್ಜಸ್ಟರ್ ಮೊದಲು ಮಾರಿದವರ ದೇಶದ ಇನ್ಶೂರೆನ್ಸ್ ಕಂಪನಿಯ ಗ್ಯಾರಂಟಿ ಒಪ್ಪಲ್ಲ ಅಂದರು, ಆಮೇಲೆ ಮುಂಬೈಯವರು ಮಧ್ಯೆ ಬಂದು ಮಾತಾಡಿದರು. ಮಾರಿದವರೂ ಹಿಂಬದಿ ಸಹಿ ಹಾಕಿ ಕಳಿಸಿದ್ದಾರೆ. ಕಂಟೇನರ್‌ಗಳು ಪಣಂಬೂರಿನಲ್ಲಿ ಇಳಿದಿವೆ. ತಡವಾದ ದಿನಗಳ ಕಂಟೇನರ್ ಬಾಡಿಗೆ ನನ್ನ ತಲೆಗೇ, ಅದು ಇನ್ಶೂರೆನ್ಸ್‌ನಲ್ಲಿ ಇಲ್ಲ ಅಂದರು. ನಾಡಿದ್ದು ಕಾರ್ಖಾನೆಗೆ ತರುತ್ತೇನೆ. ಇಲ್ಲಿ ಎಡೆಬಿಡದೆ ಮಳೆ.

ಹಳೇ ಸರ್ವೇಯರ್, ಪಣಂಬೂರು · ಜೂನ್ 8

ಬಾಗಿಲು ತೆರೆಯುವ ಮೊದಲು ಸೀಲ್ ನಂಬರನ್ನು ಬಿಲ್ ಆಫ್ ಲೇಡಿಂಗ್ ಜೊತೆ ತಾಳೆ ನೋಡಿ ಫೋಟೋ ತೆಗೆಯಿರಿ. ಡರ್ಬನ್‌ನಲ್ಲಿ ತೆರೆದಿದ್ದರೆ ಸೀಲ್ ಬದಲಾಗಿರುತ್ತದೆ, ಅದೂ ಗೊತ್ತಾಗಬೇಕು. ಮಳೆಯಲ್ಲಿ ತೆರೆಯಬೇಡಿ, ಶೆಡ್ ಒಳಗೆ ನಿಲ್ಲಿಸಿ. ಒಂದು ಚೀಲ ಒದ್ದೆ ಕಂಡರೂ ಇಳಿಸುವುದು ನಿಲ್ಲಿಸಿ, ಸರ್ಟಿಫಿಕೇಟ್‌ನಲ್ಲಿ ಹೇಳಿದ ಸರ್ವೇಯರ್‌ನ ಕರೆಯಿರಿ. ಹಡಗಿನ ಏಜೆಂಟ್‌ಗೆ ಮೂರು ದಿನದ ಒಳಗೆ ಬರೆದು ತಿಳಿಸಿ.

ಒದ್ದೆ ಎಲ್ಲಿದೆ ಅಂತ ಗಮನಿಸಿ. ಇದು ನಿಮ್ಮ ಸಿ ಸರ್ಟಿಫಿಕೇಟ್‌ಗೆ ಪ್ರಾಣ. ಮೇಲಿನ ಚೀಲ ಒದ್ದೆಯಾಗಿ ಛಾವಣಿಯಲ್ಲಿ ಹನಿಯ ಗುರುತು ಇದ್ದರೆ ಅದು ಕಂಟೇನರ್ ಬೆವರಿದ್ದು. ಕೆಳಗಿನ ಸಾಲು ಒದ್ದೆ, ಗೋಡೆಯಲ್ಲಿ ನೀರು ನಿಂತ ಗೆರೆ ಇದ್ದರೆ ಹೊರಗಿನ ನೀರು ನುಗ್ಗಿದ್ದು.

ಬೈಕಂಪಾಡಿ ಬೀಜ · ಜೂನ್ 13

ಎರಡು ಕಂಟೇನರ್ ಪೂರ್ತಿ ಚೆನ್ನಾಗಿವೆ. ಕಟಿಂಗ್ ಟೆಸ್ಟ್ ಮಾಡಿದೆವು, ತಿರುಳು ಹೇಳಿದಷ್ಟೇ ಬಂತು.

ಮೂರನೆಯದರ ಬಾಗಿಲು ತೆರೆದಾಗ ಮೇಲಿನಿಂದ ಎಲ್ಲ ಸರಿ ಕಾಣುತ್ತಿತ್ತು. ಅರ್ಧ ಇಳಿಸಿದ ಮೇಲೆ ಹುಳಿ ವಾಸನೆ. ಕೆಳಗಿನ ಸಾಲುಗಳ 90 ಚೀಲ ಕಪ್ಪಾಗಿವೆ, ಕಬ್ಬಿಣದ ಗೋಡೆಯಲ್ಲಿ ಮೊಣಕಾಲೆತ್ತರಕ್ಕೆ ತುಕ್ಕಿನ ಗೆರೆ. ನಾಲ್ಕನೆಯದರಲ್ಲಿ ಉಲ್ಟಾ. ಮೇಲಿನ ಸಾಲಿನ 40 ಚೀಲಕ್ಕೆ ಬಿಳಿ ಬೂಷ್ಟು, ಕೆಳಗೆ ಒಣ.

ಕಂಪನಿಯ ಸರ್ವೇಯರ್ ಬಂದರು. ಜೇಬಿನಿಂದ ಸಣ್ಣ ಬಾಟಲಿ ತೆಗೆದು ಕಪ್ಪಾದ ಗೋಣಿಯ ತುಂಡನ್ನು ಶುದ್ಧ ನೀರಲ್ಲಿ ನೆನೆಸಿ, ಆ ನೀರಿಗೆ ಎರಡು ಹನಿ ಹಾಕಿದರು. ನೀರು ಹಾಲಿನ ಹಾಗೆ ಬಿಳಿಯಾಯಿತು. ಬೂಷ್ಟು ಹಿಡಿದ ಚೀಲದ್ದಕ್ಕೆ ಹಾಕಿದರೆ ಏನೂ ಆಗಲಿಲ್ಲ. ಒಳ್ಳೆಯ ಒಣ ಚೀಲದ್ದೂ ಒಂದು ತೆಗೆದು ಹಾಕಿದರು, ಅದಕ್ಕೂ ಏನೂ ಆಗಲಿಲ್ಲ. ಏನು ಅಂತ ಕೇಳಿದರೆ ‘ಸಿಲ್ವರ್ ನೈಟ್ರೇಟ್’ ಅಂದು ಬರೆದುಕೊಂಡು ಹೋದರು.

ಹಳೇ ಸರ್ವೇಯರ್, ಪಣಂಬೂರು · ಜೂನ್ 13

ಒಳ್ಳೆಯ ಸರ್ವೇಯರ್ ಬಂದಿದ್ದಾರೆ. ಒಣ ಚೀಲವನ್ನೂ ಪರೀಕ್ಷೆ ಮಾಡಿದ್ದು ನೋಡಿ ಖುಷಿಯಾಯಿತು. ಉಪ್ಪು ಇದ್ದರೆ ಬಿಳಿಯಾಗುತ್ತದೆ. ಅಂದರೆ ಮೂರನೆಯದಕ್ಕೆ ನುಗ್ಗಿದ್ದು ಸಮುದ್ರದ ನೀರು, ನಮ್ಮ ಮಳೆ ಅಲ್ಲ. ನಾಲ್ಕನೆಯದು ಸಿಹಿನೀರು, ಅಂದರೆ ಬೆವರು.

ಆದರೆ ಇಲ್ಲಿ ಒಂದು ಸೂಕ್ಷ್ಮ ಇದೆ. ಸಿ ಕ್ಲಾಸ್‌ನಲ್ಲಿ ‘ಸಮುದ್ರದ ನೀರು ನುಗ್ಗಿದ್ದು’ ಅಂತ ಒಂದು ಕಾರಣವೇ ಇಲ್ಲ. ಅದು ಬಿಯಲ್ಲಿ ಇದೆ. ಸಿಯಲ್ಲಿ ಇರುವುದು ಬೆಂಕಿ, ಹಡಗು ಮುಳುಗುವುದು ಅಥವಾ ನೆಲಕ್ಕೆ ತಾಗುವುದು, ಡಿಕ್ಕಿ, ಸರಕು ಎಸೆಯುವುದು, ಜನರಲ್ ಆವರೇಜ್‌ಗಾಗಿ ಮಾಡಿದ ತ್ಯಾಗ, ಇಂಥ ದೊಡ್ಡ ಅನಾಹುತಗಳು ಮಾತ್ರ. ಕಳ್ಳತನ ಇಲ್ಲ, ಮಳೆ ಇಲ್ಲ, ಬೆವರು ಇಲ್ಲ. ಹಾಗಾಗಿ ‘ಉಪ್ಪುನೀರು’ ಅಂತ ತೋರಿಸಿದರೆ ನಿಮಗೆ ಸಾಲದು. ‘ಬೆಂಕಿ ಆರಿಸಲು ಬಿಟ್ಟ ಉಪ್ಪುನೀರು’ ಅಂತ ತೋರಿಸಬೇಕು. ಬೆಂಕಿ ಆರಿಸುವ ನೀರಿನಿಂದ ಆದ ಹಾನಿ ಜನರಲ್ ಆವರೇಜ್ ತ್ಯಾಗ, ಅದು ಸಿಯಲ್ಲೂ ಸಿಗುತ್ತದೆ. ಅಡ್ಜಸ್ಟರ್‌ಗೆ ಬರೆದು ಕೇಳಿ: ಈ ನಂಬರಿನ ಕಂಟೇನರ್ ಯಾವ ಹೋಲ್ಡ್‌ನಲ್ಲಿ, ಎಷ್ಟನೇ ಸಾಲಿನಲ್ಲಿ ಇತ್ತು, ಆ ಹೋಲ್ಡ್‌ಗೆ ಎಷ್ಟು ನೀರು ಬಿಟ್ಟರು ಅಂತ. ಹಡಗಿನ ಲಾಗ್‌ನಲ್ಲಿ ಇರುತ್ತದೆ.

ಒದ್ದೆ ಬೀಜವನ್ನು ಬೇರೆ ಮಾಡಿ ಬೇಗ ಒಣಗಿಸಿ, ಸರ್ವೇಯರ್ ಒಪ್ಪಿಗೆ ತೆಗೆದುಕೊಂಡು ಸಿಕ್ಕಿದ ಬೆಲೆಗೆ ಮಾರಿ. ಸುಮ್ಮನೆ ಇಟ್ಟು ಕೊಳೆಸಿದರೆ ಆ ನಷ್ಟ ನಿಮ್ಮದೇ ಅನ್ನುತ್ತಾರೆ.

ಕಾರ್ಕಳ ಫ್ಯಾಕ್ಟರಿ ಅಕ್ಕ · ಜೂನ್ 14

ಜನರಲ್ ಆವರೇಜ್ ಸಿಯಲ್ಲೂ ಇದೆ ಅನ್ನುವುದು ನನಗೆ ಗೊತ್ತಿರಲಿಲ್ಲ ಸರ್, ತಿದ್ದಿಕೊಂಡೆ. ಆದರೆ ನಾಲ್ಕನೇ ಕಂಟೇನರ್ ನೋಡಿದರೆ ನನ್ನ ಮಾತು ನಿಲ್ಲುತ್ತದೆ ಅಲ್ವಾ? ಎ ಇದ್ದಿದ್ದರೆ ಬೂಷ್ಟು ಹಿಡಿದ 40 ಚೀಲಕ್ಕೂ ದುಡ್ಡು ಬರುತ್ತಿತ್ತು. ಎರಡು ವರ್ಷದ ಹಿಂದೆ ಟಾಂಜಾನಿಯಾದಿಂದ ತರಿಸಿದಾಗ ನಮ್ಮದೂ ಹೀಗೇ ಬೆವರಿತ್ತು. ಪೂರ್ತಿ ಕೊಟ್ಟರು.

ಹಳೇ ಸರ್ವೇಯರ್, ಪಣಂಬೂರು · ಜೂನ್ 14

ಅಕ್ಕಾ, ನಿಮ್ಮ ಹಡಗು ಹೇಳಿದ ದಿನಕ್ಕೆ ಬಂದಿತ್ತಾ? ಲೋಡ್ ಮಾಡುವಾಗ ತೇವ ಎಷ್ಟಿತ್ತು?

ಕಾರ್ಕಳ ಫ್ಯಾಕ್ಟರಿ ಅಕ್ಕ · ಜೂನ್ 14

ಎರಡು ದಿನ ತಡ ಅಷ್ಟೇ. ತೇವ ಶೇ 8.5 ಅಂತ ಸರ್ಟಿಫಿಕೇಟ್ ಇತ್ತು. ಒಳಗೆ ಸುತ್ತ ಕ್ರಾಫ್ಟ್ ಪೇಪರ್ ಹಾಕಿಸಿದ್ದೆವು, ತೇವ ಹೀರುವ ಚೀಲವೂ ಇತ್ತು.

ಹಳೇ ಸರ್ವೇಯರ್, ಪಣಂಬೂರು · ಜೂನ್ 14

ಅದಕ್ಕೇ ಸಿಕ್ಕಿತು. ಆಲ್ ರಿಸ್ಕ್ಸ್ ಅಂದರೂ ಆಕಸ್ಮಿಕವಾಗಿ ಆದದ್ದಕ್ಕೆ ಮಾತ್ರ. ಸರಕಿನ ಸ್ವಭಾವದಿಂದಲೇ ಆದ ಹಾನಿಯನ್ನು ಎ ಕೂಡ ಹೊರಗಿಡುತ್ತದೆ. ಬೀಜವೇ ಹಸಿಯಾಗಿದ್ದರೆ ಅದು ತನ್ನ ನೀರನ್ನು ತಾನೇ ಬಿಡುತ್ತದೆ, ತಂಪಾದ ಛಾವಣಿಗೆ ತಾಗಿ ಹನಿಯಾಗಿ ಮತ್ತೆ ಅದರ ಮೇಲೇ ಬೀಳುತ್ತದೆ. ಆಗ ಕಂಪನಿ ‘ಇದು ಸರಕಿನ ಗುಣ’ ಅನ್ನುತ್ತದೆ. ನಿಮ್ಮ 8.5ರ ಕಾಗದ ಆ ಮಾತಿಗೆ ಅವಕಾಶ ಕೊಡಲಿಲ್ಲ.

ಬೈಕಂಪಾಡಿಯವರದ್ದರಲ್ಲಿ ಇನ್ನೂ ಒಂದು ಗೋಡೆ ಇದೆ. ಹಡಗು 38 ದಿನ ನಿಂತಿತು. ತಡದಿಂದ ಆದ ನಷ್ಟವನ್ನು ಎ, ಬಿ, ಸಿ ಮೂರೂ ಹೊರಗಿಡುತ್ತವೆ, ಆ ತಡಕ್ಕೆ ವಿಮೆ ಇರುವ ಬೆಂಕಿಯೇ ಕಾರಣ ಆದರೂ ಕೂಡ. ಜನರಲ್ ಆವರೇಜ್ ಲೆಕ್ಕದಲ್ಲೂ ತಡದ ನಷ್ಟಕ್ಕೆ ಜಾಗ ಇಲ್ಲ. ಹಾಗಾಗಿ ಎ ಇದ್ದಿದ್ದರೂ ಅವರಿಗೆ ಜಗಳ ಇತ್ತು.

ಕಾರ್ಕಳ ಫ್ಯಾಕ್ಟರಿ ಅಕ್ಕ · ಜೂನ್ 14

ಇದನ್ನು ಒಪ್ಪಲು ಆಗುವುದಿಲ್ಲ ಸರ್. ಅದೇ ಹಡಗಿನಲ್ಲಿ, ಅದೇ 38 ದಿನ, ಉಳಿದ ಕಂಟೇನರ್‌ಗಳಲ್ಲಿ ಒಂದು ಚೀಲವೂ ಬೆವರಿಲ್ಲ. ತಡವೇ ಕಾರಣ ಆಗಿದ್ದರೆ ಎಲ್ಲದರಲ್ಲೂ ಬೂಷ್ಟು ಬರಬೇಕಿತ್ತು. ಈ ಒಂದರ ಪಕ್ಕದಲ್ಲೇ ಬೆಂಕಿ ಬಿಸಿ ಇತ್ತೇನೋ. ಬಿಸಿಗೆ ಬೆವರಿದ್ದರೆ ಅದು ಬೆಂಕಿಯ ಹಾನಿ, ಸಿಯಲ್ಲೂ ಇದೆ.

ಹಳೇ ಸರ್ವೇಯರ್, ಪಣಂಬೂರು · ಜೂನ್ 15

ನಿಮ್ಮ ಮಾತಿನಲ್ಲಿ ತಿರುಳಿದೆ. ರಾತ್ರಿ ಇಡೀ ಯೋಚನೆ ಮಾಡಿದೆ. ಬೈಕಂಪಾಡಿಯವರೇ, ನಾಲ್ಕನೆಯದು ಎಲ್ಲಿ ಇತ್ತು ಅಂತಲೂ ಅದೇ ಪತ್ರದಲ್ಲಿ ಕೇಳಿ.

ಬೈಕಂಪಾಡಿ ಬೀಜ · ಆಗಸ್ಟ್ 19

ಇಷ್ಟು ದಿನ ಬರೆಯಲು ಆಗಲಿಲ್ಲ, ಕ್ಷಮಿಸಿ.

ಮೂರನೇ ಕಂಟೇನರ್ ಬೆಂಕಿ ಬಿದ್ದ ಹೋಲ್ಡ್‌ನ ತೀರಾ ಕೆಳಗಿನ ಸಾಲಿನಲ್ಲಿ ಇತ್ತು. ಆ ಹೋಲ್ಡ್‌ಗೆ ನೀರು ಬಿಟ್ಟಿದ್ದು ಲಾಗ್‌ನಲ್ಲಿ ಇದೆ ಅಂತ ಅಡ್ಜಸ್ಟರ್ ಬರೆದು ಕೊಟ್ಟರು. ಇನ್ಶೂರೆನ್ಸ್‌ನವರು ಒಪ್ಪಿದರು. 90 ಚೀಲ, ಚೀಲಕ್ಕೆ 80 ಕಿಲೋ, ಒಟ್ಟು 7.2 ಟನ್. ವಿಮೆಯ ಬೆಲೆ ಟನ್ನಿಗೆ 1 ಲಕ್ಷ 32 ಸಾವಿರ, ಅಂದರೆ 9 ಲಕ್ಷ 50 ಸಾವಿರದಷ್ಟು. ಒಣಗಿಸಿ ಮಾರಿದಾಗ ಒಳ್ಳೆಯ ಬೀಜದ ಕಾಲು ಭಾಗ ಬೆಲೆ ಬಂತು. ಹಾಗಾಗಿ ಮುಕ್ಕಾಲು ಭಾಗ ನಷ್ಟ ಅಂತ ಹಿಡಿದು 7 ಲಕ್ಷ 12 ಸಾವಿರ ಚಿಲ್ಲರೆ ಕೊಟ್ಟರು. ಆ ಹಣವನ್ನು ಅವರು ಜನರಲ್ ಆವರೇಜ್ ಲೆಕ್ಕದಿಂದ ವಸೂಲಿ ಮಾಡಿಕೊಳ್ಳುತ್ತಾರಂತೆ. ನನಗೆ ಕಾಯುವ ಕೆಲಸ ಇಲ್ಲ. ಪಾಲಿನ ಅಂತಿಮ ಲೆಕ್ಕ ಇನ್ನೂ ಬಂದಿಲ್ಲ.

ನಾಲ್ಕನೆಯದಕ್ಕೆ ‘ಇಲ್ಲ’ ಅಂದಿದ್ದಾರೆ. ತಡ ಮತ್ತು ಸರಕಿನ ಗುಣ, ಎರಡೂ ಕಾರಣ ಬರೆದಿದ್ದಾರೆ. ಅದು ಬೆಂಕಿ ಬಿದ್ದ ಹೋಲ್ಡ್‌ನ ಪಕ್ಕದ ಹೋಲ್ಡ್‌ನಲ್ಲಿ, ನಡುಗೋಡೆಗೆ ತಾಗಿ ಇತ್ತಂತೆ. ಕಾರ್ಕಳದ ಅಕ್ಕ ಹೇಳಿದ ಬಿಸಿಯ ಮಾತನ್ನು ಹಾಕಿ ಮತ್ತೆ ಪತ್ರ ಬರೆದಿದ್ದೇನೆ. 3 ಲಕ್ಷ 84 ಸಾವಿರದ ಬೀಜ, ಸುಲಭದಲ್ಲಿ ಬಿಡುವುದಿಲ್ಲ.

ಮುಂದಿನ ಖರೀದಿ ಸಿಎಫ್‌ಆರ್ ಮಾಡಿದ್ದೇನೆ. ಇನ್ಶೂರೆನ್ಸ್ ನನ್ನದೇ, ಎ ಕ್ಲಾಸ್, ಮಂಗಳೂರಿನ ಕಂಪನಿ ಶಾಖೆಯಲ್ಲೇ, ಬರುವ ಎಲ್ಲ ಹಡಗಿಗೂ ಸೇರಿ ಒಂದೇ ಓಪನ್ ಪಾಲಿಸಿ.

ಕದ್ರಿ, ಬ್ಯಾಂಕ್ ನಿವೃತ್ತ · ಆಗಸ್ಟ್ 19

ಓಪನ್ ಪಾಲಿಸಿ ಒಳ್ಳೆಯದು, ಆದರೆ ಪ್ರತಿ ಹಡಗನ್ನೂ ಹೊರಡುವ ಹೊತ್ತಿಗೇ ಅವರಿಗೆ ತಿಳಿಸಿ. ಒಂದನ್ನೂ ಬಿಡಬೇಡಿ.

ಹಳೇ ಸರ್ವೇಯರ್, ಪಣಂಬೂರು · ಆಗಸ್ಟ್ 20

ನಡುಗೋಡೆಗೆ ತಾಗಿ ಇತ್ತು ಅನ್ನುವುದು ದೊಡ್ಡ ಅಂಶ. ಬಾಗಿಲ ಕಡೆಯ ಚೀಲಕ್ಕೆ ಬೂಷ್ಟು ಜಾಸ್ತಿ ಇತ್ತಾ, ಒಳಗಿನ ತುದಿಗೆ ಜಾಸ್ತಿ ಇತ್ತಾ? ಬಿಸಿ ಬಂದ ಬದಿಗೂ ಬೂಷ್ಟು ಇದ್ದ ಬದಿಗೂ ತಾಳೆ ಆಗಬೇಕು. ಲೋಡಿಂಗ್‌ನ ಫೋಟೋ ಸಿಕ್ಕಿತಾ? ಅಬಿಜಾನ್‌ನಲ್ಲಿ ತೇವ ಎಷ್ಟು ಅಂತ ಬರೆದಿದ್ದಾರೆ?

ಬೈಕಂಪಾಡಿ ಬೀಜ · ಆಗಸ್ಟ್ 20

ಒಳಗಿನ ತುದಿಗೆ ಜಾಸ್ತಿ ಇತ್ತು ಸರ್, ನನ್ನ ಫೋಟೋದಲ್ಲಿ ಕಾಣುತ್ತದೆ. ಆ ತುದಿಯೇ ನಡುಗೋಡೆ ಕಡೆಗೆ ಇತ್ತಾ ಅಂತ ಏಜೆಂಟ್‌ನ ಕೇಳಿದ್ದೇನೆ. ತೇವದ ಕಾಗದದಲ್ಲಿ 9.2 ಇದೆ, ಆದರೆ ಅದು ನಾಲ್ಕೂ ಕಂಟೇನರ್‌ಗೆ ಒಂದೇ ಸರಾಸರಿ. ಲೋಡಿಂಗ್ ಫೋಟೋ ಎರಡು ಬಂದಿವೆ. ಗೋಡೆಗೆ ಪೇಪರ್ ಹಾಕಿದ್ದು ಕಾಣುತ್ತದೆ, ಛಾವಣಿ ಕಾಣುವುದಿಲ್ಲ. ಇನ್ನೂ ಇದ್ದರೆ ಕಳಿಸಿ ಅಂತ ಈಗಷ್ಟೇ ಮೆಸೇಜ್ ಹಾಕಿದೆ.